ಮ್ಯೂಟ್, ಕೈ ಎತ್ತು, ಸ್ಕ್ರೀನ್ ಶೇರ್: ಜೂಮ್, ಮೀಟ್, ಟೀಮ್ಸ್‌ನಲ್ಲಿ ಯಾವ ಕೀ ಎಲ್ಲಿ ಕೈಕೊಡುತ್ತದೆ

ಸಂಜೆ ಆರೂವರೆಯ ಕ್ಲಾಸು. ಪಿಯುಸಿ ಅಕೌಂಟೆನ್ಸಿ, 22 ಮಕ್ಕಳು. ಎದುರಿಗೆ ಎಕ್ಸೆಲ್‌ನಲ್ಲಿ ಟ್ರಯಲ್ ಬ್ಯಾಲೆನ್ಸ್. ಅಡುಗೆಮನೆಯಲ್ಲಿ ಕುಕ್ಕರ್ ಸುಯ್ ಅನ್ನೋಕೆ ಶುರು ಮಾಡಿತು. ಇನ್ನೇನು ವಿಷಲ್ ಹೊಡೆಯುತ್ತೆ, ಅಷ್ಟರಲ್ಲಿ ಮ್ಯೂಟ್ ಮಾಡೋಣ ಅಂತ ಗಡಿಬಿಡಿಯಲ್ಲಿ Ctrl + D ಒತ್ತಿದೆ. ವಿಷಲ್ 22 ಮನೆಗಳಲ್ಲೂ ಕೇಳಿಸಿತು. ಒಬ್ಬ ಹುಡುಗ ನಗ್ತಾ "ಮೇಡಂ, ಬೇಳೆ ಬೆಂತು" ಅಂದ. ಅದು ಹೋಗಲಿ. ಐದು ನಿಮಿಷ ಬಿಟ್ಟು ಮೊತ್ತ ಹಾಕಿದರೆ ಡೆಬಿಟ್ ಕಡೆ 3,500 ರೂಪಾಯಿ ಜಾಸ್ತಿ ಬಂತು. ಪಾಠಕ್ಕೆ ಮುಂಚೆ ನಾನೇ ತಾಳೆ ನೋಡಿಟ್ಟಿದ್ದ ಲೆಕ್ಕ ಅದು.

ಆಮೇಲೆ ಗೊತ್ತಾಯಿತು. ಕರ್ಸರ್ ಇದ್ದದ್ದು ಬಾಡಿಗೆಯ ಸಾಲಿನಲ್ಲಿ, ಅಲ್ಲಿ ಇರಬೇಕಾಗಿದ್ದು 8,500. ಮೇಲಿನ ಸಾಲು ಸಂಬಳ, 12,000. ಎಕ್ಸೆಲ್‌ನಲ್ಲಿ Ctrl + D ಅಂದರೆ ಮೇಲಿನ ಸೆಲ್‌ನಲ್ಲಿ ಇರೋದನ್ನು ಕೆಳಗೆ ತುಂಬು ಅಂತ ಅರ್ಥ. ನಾನು ಮೈಕ್ ಬಂದ್ ಮಾಡಿದೆ ಅಂದುಕೊಂಡಿದ್ದೆ. ನಿಜವಾಗಿ ಮಾಡಿದ್ದು ಬಾಡಿಗೆಯನ್ನು 12,000ಕ್ಕೆ ಏರಿಸಿದ್ದು! ತಪ್ಪು ಪೂರ್ತಿ ನನ್ನದೇ. ಆ ಕೀ ವಿಡಿಯೋ ಕಾಲ್‌ಗೆ ಹೋಗುತ್ತೋ ಎಕ್ಸೆಲ್‌ಗೆ ಹೋಗುತ್ತೋ ಅಂತ ನಾನು ಯಾವತ್ತೂ ಯೋಚಿಸಿರಲೇ ಇಲ್ಲ.

ಅದಕ್ಕೇ ಈ ಹೋಲಿಕೆ. ಯಾವ ಆಪ್‌ನ ಕೀ ನೆನಪಿಟ್ಟುಕೊಳ್ಳೋಕೆ ಸುಲಭ ಅನ್ನೋದು ದೊಡ್ಡ ವಿಷಯ ಅಲ್ಲ, ಎರಡು ದಿನ ಬಳಸಿದರೆ ಯಾವುದಾದರೂ ಬೆರಳಿಗೆ ಕೂರುತ್ತದೆ. ನೋಡಬೇಕಾದ್ದು ಒಂದೇ. ನಿಮ್ಮ ಮುಂದೆ ಬೇರೆ ವಿಂಡೋ ತೆರೆದಿರುವಾಗ ಆ ಕೀ ಕೆಲಸ ಮಾಡುತ್ತಾ ಇಲ್ವಾ? ಪಾಠ ಮಾಡುವವರ ಮುಂದೆ ಯಾವಾಗಲೂ ಬೇರೆ ವಿಂಡೋನೇ ಇರುತ್ತದೆ, ಪಿಪಿಟಿಯೋ, ವರ್ಡೋ, ಪಿಡಿಎಫೋ. ಪಾಠ ಕೇಳುವವರ ಮುಂದೆಯೂ ಅಷ್ಟೇ, ನೋಟ್ಸ್ ತೆರೆದಿರುತ್ತದೆ, ಇಲ್ಲಾ ಕ್ರಿಕೆಟ್ ಸ್ಕೋರು.

ಮೊದಲು ಕೀಗಳನ್ನೇ ಒಟ್ಟಿಗೆ ಇಟ್ಟುಬಿಡುತ್ತೇನೆ. ಇವು ವಿಂಡೋಸ್‌ನವು:

```
          ಮ್ಯೂಟ್            ಕೈ ಎತ್ತು          ಸ್ಕ್ರೀನ್ ಶೇರ್
ಜೂಮ್      Alt+A           Alt+Y           Alt+S
ಮೀಟ್      Ctrl+D          Ctrl+Alt+H      (ಬಟನ್ ಒತ್ತಬೇಕು)
ಟೀಮ್ಸ್     Ctrl+Shift+M    Ctrl+Shift+K    Ctrl+Shift+E
```

ಮ್ಯಾಕ್ ಇರುವವರಿಗೆ ಜೂಮ್‌ನಲ್ಲಿ ಮ್ಯೂಟ್‌ಗೆ Cmd + Shift + A, ಕೈ ಎತ್ತೋಕೆ Option + Y, ಶೇರ್‌ಗೆ Cmd + Shift + S. ಮೀಟ್‌ನಲ್ಲಿ ಮ್ಯೂಟ್‌ಗೆ Cmd + D, ಕೈಗೆ Ctrl + Cmd + H. ಟೀಮ್ಸ್‌ನಲ್ಲಿ ಮೇಲಿನ ಮೂರರಲ್ಲೂ Ctrl ಜಾಗಕ್ಕೆ Cmd ಹಾಕಿಕೊಂಡರೆ ಆಯಿತು. ಎಲ್ಲದರಲ್ಲೂ ಮ್ಯೂಟ್‌ನ ಕೀಯನ್ನೇ ಇನ್ನೊಮ್ಮೆ ಒತ್ತಿದರೆ ಮೈಕ್ ಆನ್, ಕೈಯ ಕೀಯನ್ನೇ ಇನ್ನೊಮ್ಮೆ ಒತ್ತಿದರೆ ಕೈ ಕೆಳಗೆ.

ಈಗ ಒಂದೊಂದಾಗಿ ನೋಡೋಣ. ಮ್ಯೂಟ್‌ಗೆ ಜಾಸ್ತಿ ಜಾಗ ಕೊಡುತ್ತೇನೆ. ದಿನಕ್ಕೆ ಐವತ್ತು ಸಲ ಬೇಕಾಗೋದು ಅದೇ.

ಮೀಟ್‌ನಿಂದ ಶುರು ಮಾಡುತ್ತೇನೆ, ನಾನು ಜಾಸ್ತಿ ಬಳಸಿದ್ದು ಅದನ್ನೇ. ಕಂಪ್ಯೂಟರ್‌ನಲ್ಲಿ ಮೀಟ್ ಓಡೋದು ಬ್ರೌಸರ್ ಒಳಗೆ. ಅಂದರೆ ಮೀಟ್‌ನ ಟ್ಯಾಬ್ ಕಣ್ಣ ಮುಂದೆ ಇದ್ದು, ನೀವು ಆ ಪುಟದ ಮೇಲೆ ಎಲ್ಲಾದರೂ ಕ್ಲಿಕ್ ಮಾಡಿದ್ದರೆ ಮಾತ್ರ Ctrl + D ಮೈಕಿಗೆ ಹೋಗುತ್ತದೆ. ಪಕ್ಕದ ಟ್ಯಾಬ್‌ನಲ್ಲಿ ಇದ್ದರೆ ಕ್ರೋಮ್ ಆ ಪುಟವನ್ನು ಬುಕ್‌ಮಾರ್ಕ್ ಮಾಡಲು ಹೊರಡುತ್ತದೆ, ಮೂಲೆಯಲ್ಲಿ ಒಂದು ಪುಟ್ಟ ನಕ್ಷತ್ರ ಮತ್ತು ಡಬ್ಬಿ ಕಾಣಿಸುತ್ತದೆ. ಅದು ಕಂಡರೆ ಕೀ ತಪ್ಪು ವಿಳಾಸಕ್ಕೆ ಹೋಯಿತು ಅಂತಲೇ ಲೆಕ್ಕ. ಪವರ್‌ಪಾಯಿಂಟ್ ತಿದ್ದುತ್ತಾ ಇದ್ದರೆ ಅದೇ ಕೀ ಆಯ್ಕೆ ಮಾಡಿದ ಸ್ಲೈಡಿನ ಇನ್ನೊಂದು ನಕಲು ಮಾಡುತ್ತದೆ. ವರ್ಡ್‌ನಲ್ಲಿ ಇದ್ದರೆ ಫಾಂಟ್ ಡಬ್ಬಿ ತೆರೆದುಕೊಳ್ಳುತ್ತದೆ. ಎಕ್ಸೆಲ್ ಕಥೆ ಆಗಲೇ ಹೇಳಿದೆ. ಇವುಗಳಲ್ಲಿ ಎಕ್ಸೆಲ್‌ನದ್ದೇ ಅಪಾಯ ಯಾಕೆಂದರೆ ಅದು ಸದ್ದಿಲ್ಲದೆ ಅಂಕಿ ಬದಲಾಯಿಸುತ್ತದೆ, ಬೇರೆಯವು ಕಣ್ಣಿಗಾದರೂ ಬೀಳುತ್ತವೆ. ಅನುಮಾನ ಬಂದ ಕೂಡಲೇ Ctrl + Z ಒತ್ತಿಬಿಡಿ.

ಇದಕ್ಕೆ ಎರಡು ದಾರಿ ಇವೆ. ಮೊದಲನೆಯದು ಸುಲಭ. ಮೀಟ್‌ನ ಟ್ಯಾಬ್ ಹಿಡಿದು ಹೊರಗೆ ಎಳೆದು ಬೇರೆ ವಿಂಡೋ ಮಾಡಿಕೊಳ್ಳಿ. ಆಗ ಇಪ್ಪತ್ತು ಟ್ಯಾಬ್‌ಗಳ ನಡುವೆ ಹುಡುಕಬೇಕಿಲ್ಲ. Alt + Tab ಒತ್ತಿದರೆ ಮೀಟ್ ಮುಂದೆ ಬರುತ್ತದೆ, Ctrl + D, ಮತ್ತೆ Alt + Tab, ವಾಪಸ್ ಪಾಠಕ್ಕೆ. ಮೂರು ಹೆಜ್ಜೆ ಅನಿಸಬಹುದು, ಕೈಗೆ ರೂಢಿಯಾದರೆ ಒಂದು ಸೆಕೆಂಡೂ ಹಿಡಿಯೋದಿಲ್ಲ. ಒಂದು ಎಚ್ಚರಿಕೆ: Alt + Tab ಕೊನೆಯದಾಗಿ ನೋಡಿದ ವಿಂಡೋಗೆ ಹಾರುತ್ತದೆ. ಮಧ್ಯೆ ಏನಾದರೂ ಬೇರೆ ತೆರೆದಿದ್ದರೆ ಅದೇ ಮುಂದೆ ಬರುತ್ತದೆ, ಸುಮ್ನೆ ಕಣ್ಣು ಮುಚ್ಚಿ ಒತ್ತೋಕೆ ಆಗಲ್ಲ. ಎರಡನೆಯ ದಾರಿ ಮೀಟ್‌ನ ಪುಟ್ಟ ತೇಲುವ ವಿಂಡೋ, ಮೂರು ಚುಕ್ಕಿ ಮೆನುವಿನಲ್ಲಿ Picture-in-picture ಅಂತ ಇರುತ್ತದೆ. ಅದು ಎಕ್ಸೆಲ್ ಮೇಲೂ ತೇಲಿಕೊಂಡೇ ಇರುತ್ತದೆ, ಮೈಕಿನ ಬಟನ್ ಅದರಲ್ಲೇ ಇದೆ. ಇದು ಕೀ ಅಲ್ಲ, ಮೌಸ್‌ನಿಂದ ಒತ್ತಬೇಕು. ಆದರೂ ಕುಕ್ಕರ್ ವಿಚಾರದಲ್ಲಿ ನಾನು ನಂಬೋದು ಇದನ್ನೇ.

ಜೂಮ್ ಇಲ್ಲಿ ಗೆಲ್ಲುತ್ತದೆ. ಅದರ ಸೆಟ್ಟಿಂಗ್ಸ್‌ನಲ್ಲಿ Keyboard Shortcuts ಅಂತ ಒಂದು ಪಟ್ಟಿ ಇದೆ. ಪ್ರತಿ ಕೀಯ ಪಕ್ಕದಲ್ಲಿ Enable Global Shortcut ಅನ್ನೋ ಚೌಕಕ್ಕೆ ಟಿಕ್ ಹಾಕಬಹುದು. ಮ್ಯೂಟ್‌ನ ಮುಂದೆ ಟಿಕ್ ಹಾಕಿದಿರಿ ಅಂದರೆ ಎಕ್ಸೆಲ್ ಮುಂದಿರಲಿ, ಪಿಡಿಎಫ್ ಮುಂದಿರಲಿ, Alt + A ನೇರವಾಗಿ ಜೂಮ್‌ಗೇ ಹೋಗುತ್ತದೆ. ಟಿಕ್ ಹಾಕದಿದ್ದರೆ ಜೂಮ್ ಕೂಡ ಉಳಿದವರ ಹಾಗೇ, ತನ್ನ ವಿಂಡೋ ಮುಂದೆ ಇದ್ದರೆ ಮಾತ್ರ ಕೇಳುತ್ತದೆ. ತುಂಬಾ ಜನ ಜೂಮ್ ಶಾರ್ಟ್‌ಕಟ್ ಕೆಲಸ ಮಾಡಲ್ಲ ಅಂತ ಬೈಯೋದು ಈ ಟಿಕ್ ಹಾಕದೆ.

ಆದರೆ ಪುಕ್ಕಟೆ ಏನೂ ಸಿಗಲ್ಲ ಅಲ್ವಾ. ಎಕ್ಸೆಲ್‌ನಲ್ಲಿ Alt + A ಅಂದರೆ Data ಟ್ಯಾಬ್. ಸಾರ್ಟ್, ಫಿಲ್ಟರ್ ಎಲ್ಲಾ ಕೀಬೋರ್ಡ್‌ನಲ್ಲೇ ಮಾಡುವ ಅಭ್ಯಾಸ ಇದ್ದವರಿಗೆ, ಗ್ಲೋಬಲ್ ಟಿಕ್ ಹಾಕಿದ ಮೇಲೆ ಆ ದಾರಿ ಮುಚ್ಚಿತು. ಫಿಲ್ಟರ್ ಮಾಡೋಕೆ ಹೋದರೆ ಮೈಕ್ ಆನ್ ಆಗುತ್ತದೆ, ಅದು ಇನ್ನೂ ಫಜೀತಿ. ಪರಿಹಾರ ಅದೇ ಪಟ್ಟಿಯಲ್ಲಿ ಇದೆ. ಕೀಯ ಮೇಲೆ ಕ್ಲಿಕ್ ಮಾಡಿ ಬೇರೆ ಜೋಡಿ ಒತ್ತಿದರೆ ಜೂಮ್ ಅದನ್ನೇ ಇಟ್ಟುಕೊಳ್ಳುತ್ತದೆ. ನೀವು ಬಳಸುವ ಯಾವ ಸಾಫ್ಟ್‌ವೇರ್‌ನಲ್ಲೂ ಕೆಲಸವಿಲ್ಲದ ಒಂದು ಜೋಡಿ ಆರಿಸಿಕೊಳ್ಳಿ. ಇನ್ನೊಂದು ಮಾತು, ಮ್ಯೂಟ್ ಒಂದಕ್ಕೇ ಗ್ಲೋಬಲ್ ಟಿಕ್ ಹಾಕಿ. ಎಲ್ಲದಕ್ಕೂ ಹಾಕಿದರೆ ಕಂಪ್ಯೂಟರ್‌ನ ಅರ್ಧ Alt ಕೀಗಳು ಜೂಮ್ ಪಾಲಾಗುತ್ತವೆ.

ಟೀಮ್ಸ್ ಎರಡರ ಮಧ್ಯೆ ನಿಲ್ಲುತ್ತದೆ. Ctrl + Shift + M ಟೀಮ್ಸ್ ಮುಂದೆ ಇದ್ದಾಗ ಚೆನ್ನಾಗಿ ಕೇಳುತ್ತದೆ. ವರ್ಡ್ ಮುಂದೆ ಇದ್ದರೆ ಅದೇ ಕೀ ಪ್ಯಾರಾವನ್ನು ಒಂದು ಹೆಜ್ಜೆ ಎಡಕ್ಕೆ ಸರಿಸುತ್ತದೆ. ಕೈ ಎತ್ತುವ Ctrl + Shift + K ವರ್ಡ್‌ನಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಪುಟ್ಟ ಕ್ಯಾಪಿಟಲ್ ಮಾಡುತ್ತದೆ. ಶೇರ್‌ನ Ctrl + Shift + E ಟ್ರ್ಯಾಕ್ ಚೇಂಜಸ್ ಆನ್ ಮಾಡುತ್ತದೆ, ಆಮೇಲೆ ಬರೆದದ್ದೆಲ್ಲಾ ಬಣ್ಣದಲ್ಲಿ, ಗೆರೆ ಸಮೇತ ಬರುತ್ತದೆ. ಆನ್‌ಲೈನ್ ಕ್ಲಾಸ್ ಆದಮೇಲೆ ನನ್ನ ಫೈಲ್ ಯಾಕೆ ಕೆಂಪು ಕೆಂಪು ಅಂತ ಕೇಳುವ ಉಪನ್ಯಾಸಕರಿದ್ದಾರೆ. ಕಾರಣ ಇದೇ ಇರಬಹುದು. ವಿಂಡೋಸ್ 11 ಇದ್ದರೆ ಒಂದು ಒಳ್ಳೆ ದಾರಿ ಇದೆ. Win + Alt + K ಒತ್ತಿದರೆ ಯಾವ ವಿಂಡೋ ಮುಂದೆ ಇದ್ದರೂ ಟೀಮ್ಸ್ ಕಾಲ್‌ನ ಮೈಕ್ ಬಂದ್ ಆಗುತ್ತದೆ, ಮತ್ತೆ ಒತ್ತಿದರೆ ತೆರೆಯುತ್ತದೆ.

ಟೀಮ್ಸನ್ನು ಆಪ್ ಹಾಕಿಕೊಳ್ಳದೆ ಬ್ರೌಸರ್‌ನಲ್ಲೇ ತೆರೆಯುವವರು ಇನ್ನೊಂದು ನೋಡಿಕೊಳ್ಳಬೇಕು. ಫೈರ್‌ಫಾಕ್ಸ್‌ನಲ್ಲಿ Ctrl + Shift + K ಡೆವಲಪರ್‌ಗಳ ಕನ್ಸೋಲ್ ತೆರೆಯುವ ಕೀ, Ctrl + Shift + M ಪುಟವನ್ನು ಮೊಬೈಲ್ ಅಳತೆಗೆ ಕುಗ್ಗಿಸಿ ತೋರಿಸುವ ಕೀ. ಎಡ್ಜ್‌ನಲ್ಲಿ Ctrl + Shift + K ಅಂದರೆ ಟ್ಯಾಬ್‌ನ ನಕಲು. ಕೈ ಎತ್ತಲು ಹೋಗಿ ಅದೇ ಕ್ಲಾಸಿನ ಎರಡನೇ ಟ್ಯಾಬ್ ತೆರೆದುಕೊಂಡರೆ ಗಾಬರಿಯಾಗಬೇಡಿ, ಅದನ್ನು ಮುಚ್ಚಿ. ಆಪ್ ಹಾಕಿಕೊಳ್ಳೋಕೆ ಆಗುತ್ತೆ ಅಂದರೆ ಹಾಕಿಕೊಳ್ಳೋದೇ ವಾಸಿ.

ಮಕ್ಕಳಿಗೆ, ಅಂದರೆ ಕ್ಲಾಸ್ ಕೇಳುವವರಿಗೆ, ಮ್ಯೂಟ್ ಕೀಗಿಂತ ಸ್ಪೇಸ್‌ಬಾರ್ ಹೆಚ್ಚು ಉಪಯೋಗ. ಇಡೀ ಹೊತ್ತು ಮ್ಯೂಟ್‌ನಲ್ಲೇ ಇರಿ. ಮೇಡಂ ಹೆಸರು ಕರೆದಾಗ ಸ್ಪೇಸ್ ಒತ್ತಿ ಹಿಡಿದು "ಪ್ರೆಸೆಂಟ್ ಮೇಡಂ" ಅನ್ನಿ, ಬಿಡಿ. ಬಿಟ್ಟ ಕೂಡಲೇ ಮತ್ತೆ ಮ್ಯೂಟ್. ಹಳೇ ವಾಕಿಟಾಕಿ ಹಾಗೆ. ಅನ್‌ಮ್ಯೂಟ್ ಮಾಡಿ ಮರೆತು, ಮನೆಯ ಜಗಳ ಕ್ಲಾಸಿಗೆಲ್ಲಾ ಕೇಳಿಸೋ ಪ್ರಮೇಯವೇ ಬರಲ್ಲ. ಜೂಮ್‌ನಲ್ಲಿ ಇದು ಆಡಿಯೋ ಸೆಟ್ಟಿಂಗ್ಸ್ ಒಳಗೆ ಒಂದು ಟಿಕ್. ಮೀಟ್‌ನಲ್ಲಿ ಆಡಿಯೋ ಸೆಟ್ಟಿಂಗ್ಸ್‌ನಲ್ಲಿ Push to talk ಅಂತ ಇದೆ, ಅದನ್ನು ಆನ್ ಮಾಡಬೇಕು. ಟೀಮ್ಸ್‌ನಲ್ಲಿ ಬರೀ ಸ್ಪೇಸ್ ಸಾಲದು, Ctrl + Space ಹಿಡಿಯಬೇಕು.

ಸ್ಪೇಸ್ ಹೆಚ್ಚಾಗಿ ಕೈಕೊಡುವುದು ಚಾಟ್ ಡಬ್ಬಿಯಲ್ಲಿ. ಅಲ್ಲಿ "ಯೆಸ್ ಮೇಡಂ" ಅಂತ ಟೈಪ್ ಮಾಡಿ ಕರ್ಸರ್ ಅಲ್ಲೇ ಬಿಟ್ಟಿರುತ್ತೀರಿ. ಈಗ ಸ್ಪೇಸ್ ಹಿಡಿದರೆ ಡಬ್ಬಿಯಲ್ಲಿ ಖಾಲಿ ಜಾಗ ಉದ್ದಕ್ಕೆ ಓಡುತ್ತಾ ಹೋಗುತ್ತದೆ, ಮೈಕ್ ತೆರೆಯೋದೇ ಇಲ್ಲ. ನೀವು ಮಾತಾಡ್ತಾ ಇರ್ತೀರಿ, ಯಾರಿಗೂ ಕೇಳಿಸಲ್ಲ, ಹಾಜರಿ ಹೋಯಿತು. ವಿಡಿಯೋ ಇರುವ ಜಾಗದಲ್ಲಿ ಒಮ್ಮೆ ಕ್ಲಿಕ್ ಮಾಡಿ ಆಮೇಲೆ ಹಿಡಿಯಿರಿ. ಹಾಗೇ ಈಗಷ್ಟೇ ಮೌಸ್‌ನಿಂದ ಯಾವುದೋ ಬಟನ್ ಒತ್ತಿದ್ದರೆ ಸ್ಪೇಸ್ ಅದೇ ಬಟನ್ನನ್ನು ಮತ್ತೆ ಒತ್ತಿಬಿಡಬಹುದು. ಅದಕ್ಕೂ ಇದೇ ಮದ್ದು.

ಕೀ ಸರಿಯಾಗಿ ಒತ್ತಿದರೂ ಅನ್‌ಮ್ಯೂಟ್ ಆಗುತ್ತಿಲ್ಲವಾ? ಆಗ ನಿಮ್ಮ ಕೀಬೋರ್ಡನ್ನು ಬೈಯಬೇಡಿ. ಮೂರೂ ಆಪ್‌ಗಳಲ್ಲಿ ಕ್ಲಾಸ್ ನಡೆಸುವವರು ಮಕ್ಕಳ ಮೈಕ್‌ಗೆ ಬೀಗ ಹಾಕಬಹುದು. ಬೀಗ ಹಾಕಿದ ಮೇಲೆ ಯಾವ ಕೀಯೂ ತೆರೆಯಲ್ಲ, ಮೇಡಂ ಬಿಟ್ಟರೇ ಸರಿ. ನಡೆಸುವವರು ನೆನಪಿಡಬೇಕಾದ್ದು ಇನ್ನೊಂದಿದೆ. ಮಗುವಿನ ಮೈಕನ್ನು ನೀವು ಬಂದ್ ಮಾಡಬಹುದು, ಆದರೆ ಮೀಟ್‌ನಲ್ಲಿ ನೀವಾಗಿ ತೆರೆಯೋಕೆ ಆಗಲ್ಲ. ಆ ಮಗುವೇ ತೆರೆಯಬೇಕು. ಅದು ಸರಿಯೇ, ಯಾರದೋ ಮನೆಯ ಮೈಕ್ ದೂರದಿಂದ ತೆರೆಯೋ ಹಾಗಿದ್ದರೆ ಕಷ್ಟ. ಎಲ್ಲರನ್ನೂ ಒಟ್ಟಿಗೆ ಮ್ಯೂಟ್ ಮಾಡಲು ಜೂಮ್‌ನಲ್ಲಿ ನಡೆಸುವವರಿಗೆ Alt + M ಇದೆ. ಮೀಟ್, ಟೀಮ್ಸ್‌ನಲ್ಲಿ ಜನರ ಪಟ್ಟಿ ತೆರೆದು ಬಟನ್ ಒತ್ತಬೇಕು.

ಕೈ ಎತ್ತೋದರಲ್ಲಿ ಕೀ ಬೇರೆ ಬೇರೆ ಅನ್ನೋದು ಬಿಟ್ಟರೆ ದೊಡ್ಡ ವ್ಯತ್ಯಾಸ ಇಲ್ಲ ಅಂದುಕೊಂಡಿದ್ದೆ. ಇದೆ. ಸವಕಳಿ ಪಾಠದ ದಿನ ಒಂದೇ ಸಲ ಏಳು ಕೈ ಮೇಲೆದ್ದವು. ಯಾರು ಮೊದಲು ಅನ್ನೋದು ಮುಖ್ಯ, ಇಲ್ಲಾಂದ್ರೆ ಹಿಂದಿನ ಬೆಂಚಿನ ಮೆತ್ತಗಿನ ಹುಡುಗಿ ಕೊನೆವರೆಗೂ ಕಾಯುತ್ತಾಳೆ. ಜೂಮ್‌ನಲ್ಲಿ ಜನರ ಪಟ್ಟಿ ತೆರೆದರೆ ಕೈ ಎತ್ತಿದವರು ಮೇಲಕ್ಕೆ ಬಂದು, ಎತ್ತಿದ ಸರದಿಯಲ್ಲೇ ನಿಂತಿರುತ್ತಾರೆ. ಮೀಟ್‌ನಲ್ಲೂ ಪಟ್ಟಿಯಲ್ಲಿ ಸರದಿ ಸಿಗುತ್ತದೆ. ಟೀಮ್ಸ್‌ನಲ್ಲಿ ಕೈಯ ಪಕ್ಕ ನಂಬರೇ ಬರುತ್ತದೆ, ಕಣ್ಣಿಗೆ ಅದೇ ಸುಲಭ.

ವ್ಯತ್ಯಾಸ ಇರೋದು ಕೈ ಇಳಿಸೋದರಲ್ಲಿ. ಪ್ರಶ್ನೆ ಕೇಳಿ ಮುಗಿದ ಮೇಲೆ ಕೈ ಇಳಿಸೋಕೆ ಎಲ್ಲರೂ ಮರೆಯುತ್ತಾರೆ. ಮೀಟ್‌ನಲ್ಲಿ ಕೈ ಎತ್ತಿದವರು ಮಾತಾಡಿದ್ದು ಗೊತ್ತಾದರೆ ಸ್ವಲ್ಪ ಹೊತ್ತಲ್ಲಿ ಕೈ ತಾನಾಗಿ ಇಳಿಯುತ್ತದೆ, ಅದಕ್ಕೆ ಮುಂಚೆ ಒಂದು ಸೂಚನೆ ಬರುತ್ತದೆ, ಇನ್ನೂ ಎತ್ತಿರಬೇಕು ಅಂದರೆ ಇಟ್ಟುಕೊಳ್ಳಬಹುದು. ಒಂದೇ ಪ್ರಶ್ನೆ ಕೇಳುವವರಿಗೆ ಇದು ಅನುಕೂಲ. ಆದರೆ ಮೊದಲೇ ಕೈ ಎತ್ತಿ, ನಡುವೆ ಸುಮ್ನೆ "ಹೂಂ ಮೇಡಂ, ಕೇಳಿಸ್ತಿದೆ" ಅಂದವನ ಕೈಯೂ ಇಳಿದುಬಿಡಬಹುದು. ಸೂಚನೆ ಬಂದಾಗ ನೋಡಿಕೊಳ್ಳಿ. ಜೂಮ್‌ನಲ್ಲಿ ನಾನು ಮಕ್ಕಳಿಗೆ ಹೇಳಿಬಿಟ್ಟಿದ್ದೇನೆ, ಮಾತು ಮುಗಿದ ಕೂಡಲೇ ಇನ್ನೊಮ್ಮೆ Alt + Y. ಯಾರೂ ಕೇಳಲ್ಲ. ಕ್ಲಾಸಿನ ನಡುವೆ ಎಲ್ಲಾ ಕೈಗಳನ್ನೂ ಒಟ್ಟಿಗೆ ಇಳಿಸಿ "ಈಗ ನಿಜವಾಗ್ಲೂ ಡೌಟ್ ಇರೋರು ಮತ್ತೆ ಎತ್ತಿ" ಅನ್ನುತ್ತೇನೆ. ಅಷ್ಟು ಹೊತ್ತಿಗೆ ಏಳು ಕೈ ಎರಡಾಗಿರುತ್ತದೆ.

ಸ್ಕ್ರೀನ್ ಶೇರ್ ಪಾಠ ಮಾಡುವವರ ತಲೆನೋವು. ಕೀ ಒತ್ತಿದ ಮಾತ್ರಕ್ಕೆ ಶೇರ್ ಶುರುವಾಗಲ್ಲ, ಅದು ಆಯ್ಕೆಯ ಡಬ್ಬಿ ತೆರೆಯುತ್ತದೆ ಅಷ್ಟೇ. ಇಡೀ ಸ್ಕ್ರೀನೋ, ಒಂದು ವಿಂಡೋನೋ ಅಂತ ಆರಿಸಬೇಕು. ಹಾಗಾಗಿ ಇಲ್ಲಿ ಕೀಯಿಂದ ಉಳಿಯುವ ಸಮಯ ಕಡಿಮೆ. ಮೀಟ್‌ನಲ್ಲಿ ಬಟನ್ನೇ ಒತ್ತಬೇಕು ಅನ್ನೋದು ದೊಡ್ಡ ಕೊರತೆ ಅಂತ ನನಗೆ ಅನಿಸಿಲ್ಲ.

ಕೊರತೆ ಅನಿಸಿದ್ದು ಶೇರ್ ನಿಲ್ಲಿಸುವಾಗ. ಜೂಮ್‌ನಲ್ಲಿ ಶುರು ಮಾಡಿದ Alt + S ನಿಂದಲೇ ನಿಲ್ಲಿಸಬಹುದು. ಆದರೆ ಶೇರ್ ಮಾಡುವಾಗ ಜೂಮ್ ತಾನು ಕುಗ್ಗಿ ಮೇಲೆ ಒಂದು ಸಣ್ಣ ಪಟ್ಟಿಯಾಗಿ ಕೂತಿರುತ್ತದೆ, ನಿಮ್ಮ ಕೈ ಎಕ್ಸೆಲ್‌ನಲ್ಲಿ ಇರುತ್ತದೆ, ಕೀ ಪಟ್ಟಿಗೆ ಮುಟ್ಟಲ್ಲ. ಮೊದಲು Ctrl + Alt + Shift ಮೂರನ್ನೂ ಒಟ್ಟಿಗೆ ಒತ್ತಿ ಆ ಪಟ್ಟಿಯನ್ನು ಎಚ್ಚರಿಸಬೇಕು, ಆಮೇಲೆ Alt + S. ಇದನ್ನು ತಿಳಿಯದೆ ಎರಡು ತಿಂಗಳು ನಾನು ಮೌಸ್ ಹಿಡಿದು ಕೆಂಪು ಬಟನ್ ಹುಡುಕಿದ್ದೇನೆ.

ಜೂಮ್‌ನಲ್ಲಿ ಇನ್ನೊಂದು ಕೀ ಇದೆ, ಅದಕ್ಕಾಗಿಯೇ ಅಕೌಂಟ್ಸ್ ಪಾಠಕ್ಕೆ ನಾನು ಜೂಮ್ ಆರಿಸೋದು. Alt + T. ಶೇರ್ ಅನ್ನು ನಿಲ್ಲಿಸದೆ ತಡೆಹಿಡಿಯುತ್ತದೆ. ಮಕ್ಕಳ ಸ್ಕ್ರೀನಿನಲ್ಲಿ ಕೊನೆಯ ಚಿತ್ರ ಹಾಗೇ ನಿಂತಿರುತ್ತದೆ. ಅಷ್ಟರಲ್ಲಿ ನಾನು ಉತ್ತರದ ಹಾಳೆ ತೆರೆದು ನೋಡಬಹುದು, ಮುಂದಿನ ಲೆಕ್ಕಕ್ಕೆ ಅಂಕಿ ತುಂಬಬಹುದು. ಮತ್ತೆ ಒತ್ತಿದರೆ ಮುಂದುವರಿಯುತ್ತದೆ. ಮಕ್ಕಳು ಲೆಡ್ಜರ್ ಬರೆದುಕೊಳ್ಳುವ ಐದು ನಿಮಿಷದಲ್ಲಿ ಇದು ಎಷ್ಟು ಉಪಕಾರಿ ಅಂದರೆ ಹೇಳತೀರದು. ಇದಕ್ಕೂ ಪಟ್ಟಿಯನ್ನು ಮೊದಲು ಎಚ್ಚರಿಸಬೇಕು. ತಡೆಹಿಡಿದದ್ದನ್ನು ಮರೆತು ಹತ್ತು ನಿಮಿಷ ಪಾಠ ಮಾಡಿದರೆ ಮಾತ್ರ ಮಕ್ಕಳು ನಿಂತ ಚಿತ್ರವನ್ನೇ ನೋಡುತ್ತಾ ಕೂತಿರುತ್ತಾರೆ. ಪಟ್ಟಿಯಲ್ಲಿ ಶೇರ್ ತಡೆದಿದೆ ಅಂತ ಬರೆದಿರುತ್ತದೆ, ಒಮ್ಮೊಮ್ಮೆ ಅತ್ತ ಕಣ್ಣು ಹಾಯಿಸಿ.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಒಂದು ವಿಶೇಷ ಕಿರಿಕಿರಿ. ವಿಂಡೋಸ್‌ನಲ್ಲಿ ಇಂಗ್ಲಿಷ್ ಜೊತೆಗೆ ಕನ್ನಡ ಕೀಬೋರ್ಡನ್ನೂ ಸೇರಿಸಿಕೊಂಡಿದ್ದರೆ ಎಡಗಡೆಯ Alt + Shift ಒತ್ತಿದಾಗ ಭಾಷೆ ಬದಲಾಗುತ್ತದೆ. ಜೂಮ್‌ನಲ್ಲಿ ಒಂದು ಶೇರ್ ನಡೆಯುತ್ತಿರುವಾಗಲೇ ಇನ್ನೊಂದು ಹೊಸದನ್ನು ಶುರು ಮಾಡೋಕೆ Alt + Shift + S ಇದೆ. S ಸರಿಯಾಗಿ ಬೀಳದೆ Alt, Shift ಎರಡೇ ಬಿದ್ದರೆ ಶೇರ್ ಬದಲಾಗಲ್ಲ, ಭಾಷೆ ಬದಲಾಗುತ್ತದೆ. ಆಮೇಲೆ ಎಕ್ಸೆಲ್‌ನಲ್ಲಿ ಸೂತ್ರ ಟೈಪ್ ಮಾಡಿದರೆ SUM ಜಾಗದಲ್ಲಿ ಕನ್ನಡದ ಅಕ್ಷರಗಳು ಬೀಳುತ್ತವೆ. ಕೆಳಗೆ ಗಡಿಯಾರದ ಪಕ್ಕ ENG ಇದೆಯಾ ನೋಡಿ, ಇಲ್ಲದಿದ್ದರೆ ಮತ್ತೊಮ್ಮೆ Alt + Shift.

ಏನನ್ನು ಶೇರ್ ಮಾಡಬೇಕು ಅನ್ನೋದರಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ. ಪಾಠಕ್ಕೆ ಒಂದೇ ಫೈಲ್ ಇದ್ದರೆ ವಿಂಡೋ ಮಾತ್ರ. ವಾಟ್ಸಾಪ್ ಬಂದರೂ ಕಾಣಲ್ಲ. ಆದರೆ ಎಕ್ಸೆಲ್‌ನ ಮೆನು, ಪುಟ್ಟ ಡಬ್ಬಿಗಳನ್ನು ತೋರಿಸಿ ಕಲಿಸಬೇಕು ಅಂದರೆ ವಿಂಡೋ ಶೇರ್‌ನಲ್ಲಿ ಅವು ಮಕ್ಕಳಿಗೆ ಕಾಣದೇ ಹೋಗಬಹುದು, ಅವು ಬೇರೆ ವಿಂಡೋ ಲೆಕ್ಕ. "ಮೇಡಂ, ಏನೂ ತೆರೆಯಲಿಲ್ಲ" ಅಂತ ಮಕ್ಕಳು ಹೇಳಿದರೆ ಸಂಗತಿ ಇದೇ, ಇಡೀ ಸ್ಕ್ರೀನಿಗೆ ಬದಲಾಯಿಸಿ. ಯೂಟ್ಯೂಬ್ ವಿಡಿಯೋ ತೋರಿಸುವುದಾದರೆ ಮೀಟ್‌ನಲ್ಲಿ ಕ್ರೋಮ್ ಟ್ಯಾಬ್ ಆರಿಸಿ, ಟ್ಯಾಬ್‌ನ ಧ್ವನಿ ಸೇರಿಸುವ ಗುಂಡಿ ಆನ್ ಇದೆಯಾ ನೋಡಿ. ಜೂಮ್‌ನಲ್ಲಿ ಆಯ್ಕೆಯ ಡಬ್ಬಿಯ ಕೆಳಗೆ Share sound ಟಿಕ್. ಮರೆತರೆ ಮಕ್ಕಳು ಮೂಕಚಿತ್ರ ನೋಡುತ್ತಾರೆ. ಇನ್ನು ವಿದ್ಯಾರ್ಥಿ ಶೇರ್ ಮಾಡಲು ಹೋಗಿ, ನಡೆಸುವವರು ಶೇರ್ ಬಂದ್ ಮಾಡಿದ್ದಾರೆ ಅಂತ ಬಂದರೆ ಕೀ ಸರಿಯೇ ಇದೆ. ಅನುಮತಿ ಇಲ್ಲ, ಮೇಡಂ ಹತ್ತಿರ ಕೇಳಿ.

ಹಾಗಾದರೆ ಯಾವುದು? ಕ್ಲಾಸ್ ಪೂರ್ತಿ ಬೇರೆ ಸಾಫ್ಟ್‌ವೇರ್ ತೆರೆದು ಪಾಠ ಮಾಡುವವರಿಗೆ ಜೂಮ್, ಗ್ಲೋಬಲ್ ಮ್ಯೂಟ್ ಮತ್ತು Alt + T ಎರಡಕ್ಕಾಗಿ. ಕಾಲೇಜಿನವರು ಟೀಮ್ಸ್ ಕೊಟ್ಟಿದ್ದರೆ ಅದನ್ನು ಬಿಟ್ಟು ಹೋಗುವಂಥದ್ದೇನಿಲ್ಲ, ಆಪ್ ಹಾಕಿಕೊಳ್ಳಿ, ವಿಂಡೋಸ್ 11ರಲ್ಲಿ Win + Alt + K ರೂಢಿ ಮಾಡಿಕೊಳ್ಳಿ. ಮಕ್ಕಳು ಲಿಂಕ್ ಒತ್ತಿ ಬಂದುಬಿಡಬೇಕು, ಯಾವ ಆಪೂ ಬೇಡ, ಪಾಠ ಮಾತಿನಲ್ಲೇ ಜಾಸ್ತಿ ಅನ್ನುವವರಿಗೆ ಮೀಟ್. ಕೇಳುವವರಿಗೆ ಆಯ್ಕೆ ಎಲ್ಲಿದೆ, ಟೀಚರ್ ಕಳಿಸಿದ ಲಿಂಕೇ ಗತಿ. ಅವರಿಗೆ ಸ್ಪೇಸ್‌ಬಾರ್ ಮತ್ತು ಕೈಯ ಕೀ ಎರಡು ಗೊತ್ತಿದ್ದರೆ ಧಾರಾಳ ಆಯಿತು.

ಮೊಬೈಲ್‌ನಲ್ಲಿ ಕ್ಲಾಸ್ ಕೇಳುವವರಿಗೆ ಈ ಕೀಗಳೆಲ್ಲಾ ಇಲ್ಲ, ಬೆರಳೇ ಕೀ. ನಮ್ಮ ಅಕ್ಕನ ಮಗಳು ಎಂಟನೇ ಕ್ಲಾಸಿನ ಪ್ರಾಜೆಕ್ಟ್ ತೋರಿಸೋಕೆ ಅಪ್ಪನ ಫೋನ್‌ನಿಂದ ಸ್ಕ್ರೀನ್ ಶೇರ್ ಮಾಡಿದ್ದಳು. ಮಧ್ಯೆ ಬ್ಯಾಂಕಿನ ಒಟಿಪಿ ಮೇಲಿಂದ ಇಳಿಯಿತು. ಇಡೀ ಕ್ಲಾಸ್ ನೋಡಿತು. "ಚಿಕ್ಕಮ್ಮ, ಅಪ್ಪ ಬೈತಾರೆ" ಅಂತ ನನಗೆ ಫೋನ್ ಮಾಡಿದಳು. ಫೋನ್‌ನಿಂದ ಶೇರ್ ಮಾಡೋಕೆ ಮುಂಚೆ ಡು ನಾಟ್ ಡಿಸ್ಟರ್ಬ್ ಹಾಕಿ, ಅದರಲ್ಲಿ ಮೆಸೇಜ್ ಮೇಲಿಂದ ಇಳಿಯದ ಹಾಗೆ ಸೆಟ್ಟಿಂಗ್ ಇದೆಯಾ ಅಂತಲೂ ನೋಡಿಕೊಳ್ಳಿ.

ಕೇಳಿಸ್ತಿಲ್ಲ ಅಂತ ಯಾರಾದರೂ ಹೇಳಿದರೆ ಹತ್ತು ಸಲ ಮ್ಯೂಟ್ ಕೀ ಒತ್ತಬೇಡಿ. ಮೊದಲು ಮೈಕಿನ ಚಿಹ್ನೆ ನೋಡಿ. ಅಡ್ಡಗೆರೆ ಇದ್ದರೆ ಆಪ್‌ನಲ್ಲೇ ಮ್ಯೂಟ್, ಕೀ ಒಂದು ಸಲ. ಅಡ್ಡಗೆರೆ ಇಲ್ಲ, ಆದರೆ ಮಾತಾಡಿದಾಗ ಚಿಹ್ನೆಯಲ್ಲಿ ಏನೂ ಅಲುಗಾಡುತ್ತಿಲ್ಲ ಅಂದರೆ ದನಿ ಆಪ್‌ವರೆಗೆ ಬರುತ್ತಲೇ ಇಲ್ಲ. ಜೂಮ್‌ನಲ್ಲಿ ಮಾತಾಡಿದಾಗ ಮೈಕಿನೊಳಗೆ ಹಸಿರು ಏರಿಳಿಯುತ್ತದೆ, ಮೀಟ್‌ನಲ್ಲಿ ನಿಮ್ಮ ಚೌಕದಲ್ಲಿ ಸಣ್ಣ ಗೆರೆಗಳು ಕುಣಿಯುತ್ತವೆ. ಅವು ಕುಣಿಯದಿದ್ದರೆ ಹೆಡ್‌ಸೆಟ್ ವೈರಿನ ಮೇಲೆ ಒಂದು ಸಣ್ಣ ಸ್ವಿಚ್ ಇರುತ್ತಲ್ಲ, ಅದನ್ನು ನೋಡಿ. ಅದು ಬಂದ್ ಇದ್ದರೆ ಆಪ್‌ಗೆ ಗೊತ್ತೇ ಆಗಲ್ಲ. ಎರಡೂ ಕಡೆ ಮ್ಯೂಟ್ ಮಾಡಿಕೊಂಡು ಒಂದೇ ಕಡೆ ತೆಗೆದು ಕೂತವರನ್ನು ನಾನು ವಾರಕ್ಕೊಮ್ಮೆ ನೋಡುತ್ತೇನೆ.

ಹೊಸ ಬ್ಯಾಚ್ ಶುರುವಾಗುವ ಹಿಂದಿನ ದಿನ ನಾನು ಇದನ್ನೆಲ್ಲಾ ಒಂದು ಸಲ ನನ್ನದೇ ಫೋನ್ ಇಟ್ಟುಕೊಂಡು ನೋಡುತ್ತೇನೆ. ಲ್ಯಾಪ್‌ಟಾಪ್‌ನಲ್ಲಿ ಮೀಟಿಂಗ್ ಶುರು ಮಾಡಿ, ಫೋನ್‌ನಿಂದ ಅದಕ್ಕೇ ಸೇರುತ್ತೇನೆ. ಫೋನ್‌ನ ಮೈಕ್ ಬಂದ್, ಸ್ಪೀಕರ್ ಕೂಡ ಬಂದ್, ಇಲ್ಲದಿದ್ದರೆ ಎರಡೂ ಸೇರಿ ಕೀರಲು ಶುರು ಮಾಡುತ್ತವೆ. ಆಮೇಲೆ ಎಕ್ಸೆಲ್ ತೆರೆದು, ಖಾಲಿ ಹಾಳೆಯಲ್ಲಿ ಕೂತು, ಅಲ್ಲಿಂದಲೇ ಮ್ಯೂಟ್ ಕೀ ಒತ್ತಿ ಫೋನ್‌ನಲ್ಲಿ ನನ್ನ ಹೆಸರಿನ ಪಕ್ಕ ಅಡ್ಡಗೆರೆ ಬಂತಾ ನೋಡುತ್ತೇನೆ. ಬಂದರೆ ಕೈ, ಅದಾದ ಮೇಲೆ ಶೇರ್. ಮೂರಕ್ಕೂ ಸೇರಿ ಐದು ನಿಮಿಷ ಸಾಕು. ಕುಕ್ಕರ್ ಮಾತ್ರ ಈಗ ಕ್ಲಾಸ್ ಮುಗಿದ ಮೇಲೇ ಇಡೋದು.